ಕಷ್ಟದ ವರ್ಷ ಮತ್ತು ಹುಟ್ಟುಹಬ್ಬದ ಶುಭಾಶಯ



ಬಾಳಸಂಗಾತಿಯ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು ಬರೆಯುವುದು ಸಾಮಾನ್ಯ ವರ್ಷಗಳಲ್ಲಿ ಅಷ್ಟೇನೂ ಕಷ್ಟದ ಕೆಲಸವಲ್ಲ. ಅಂಗಡಿಯಲ್ಲಿ ಸಿಗುವ ಶುಭಾಶಯ ಪತ್ರದ ಮೇಲೆ ಹೆಸರು ಬರೆದು ಕೊಟ್ಟರೂ ನಡೆಯುತ್ತದೆ. ಆದರೆ ಮನೆಯಲ್ಲಿ ಒಂದು ಸಾವು ಸಂಭವಿಸಿದ, ಕೆಲಸ ಕೈತಪ್ಪಿದ, ಸಾಲ ಏರಿದ ಅಥವಾ ಗಂಡಹೆಂಡಿರ ನಡುವೆಯೇ ಮಾತು ಕಡಿಮೆಯಾದ ವರ್ಷದ ಕೊನೆಯಲ್ಲಿ ಆ ದಿನ ಬಂದಾಗ ಲೇಖನಿ ಹಿಂಜರಿಯುತ್ತದೆ. ಏನೂ ಆಗಿಲ್ಲವೆಂಬಂತೆ ಸಂತೋಷದ ಮಾತು ಬರೆದರೆ ಅದು ಸುಳ್ಳೆನಿಸುತ್ತದೆ. ಆದದ್ದನ್ನೆಲ್ಲ ಬರೆದರೆ ಹಬ್ಬದ ದಿನ ಶ್ರಾದ್ಧದ ದಿನವಾಗುತ್ತದೆ. ಸತ್ಯವನ್ನು ಮರೆಮಾಚದೆಯೂ ಸಂತೋಷವನ್ನು ಕೆಡಿಸದೆಯೂ ಮಾತನಾಡುವುದು ಹೇಗೆ? ಇದು ಬರವಣಿಗೆಯ ಪ್ರಶ್ನೆಯಂತೆ ಕಂಡರೂ ಮೂಲತಃ ನೀತಿಯ ಪ್ರಶ್ನೆ. ಪ್ರೀತಿಸುವವರಿಗೆ ನಾವು ಎಷ್ಟು ಸತ್ಯವನ್ನು, ಯಾವ ಬಗೆಯಲ್ಲಿ ಸಲ್ಲಿಸಬೇಕು ಎಂಬುದು ಇದರ ಒಳಗಿದೆ.

ಮೊದಲು ಒಂದು ಆಕ್ಷೇಪಣೆಯನ್ನು ಪರಿಶೀಲಿಸೋಣ. ಶುಭದಿನದಂದು ಅಶುಭವನ್ನು ನುಡಿಯಬಾರದೆಂಬ ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಹಿರಿಯರು ಇಂಥ ದಿನ ‘ಬಿಡ್ತು ಅನ್ನು’ ಎಂದು ಮಕ್ಕಳ ಬಾಯಿ ಮುಚ್ಚಿಸುವುದುಂಟು. ಈ ಭಾವನೆಯ ಹಿಂದೆ ಒಳ್ಳೆಯ ಉದ್ದೇಶವಿದೆ. ಅದನ್ನು ಹಾಸ್ಯ ಮಾಡಬೇಕಾಗಿಲ್ಲ. ಆದರೂ ಒಂದು ಮಾತನ್ನು ನೆನಪಿಸಿಕೊಳ್ಳಿ. ನಿಮ್ಮ ಬಾಳಿನ ಅತ್ಯಂತ ಶುಭದಿನದಂದು, ಪೀಠದ ಮುಂದೆ, ಬಂಧುಬಳಗದ ಸಮಕ್ಷಮದಲ್ಲಿ, ನೀವಿಬ್ಬರೂ ಕಷ್ಟದ ಹೆಸರನ್ನೂ ಕಾಯಿಲೆಯ ಹೆಸರನ್ನೂ ನಿಮ್ಮ ಬಾಯಿಂದಲೇ ಹೇಳಿದ್ದೀರಿ. ಸುಖದಲ್ಲಿ ಮಾತ್ರವಲ್ಲ, ದುಃಖದಲ್ಲಿಯೂ, ಆರೋಗ್ಯದಲ್ಲಿ ಮಾತ್ರವಲ್ಲ, ವ್ಯಾಧಿಯಲ್ಲಿಯೂ ನಿಷ್ಠೆಯಿಂದಿರುವೆನೆಂದು ಮಾತು ಕೊಟ್ಟಿದ್ದೀರಿ. ಹೂಮಾಲೆ ಕೊರಳಲ್ಲಿದ್ದಾಗಲೇ ಆ ಮಾತು ಹೇಳಿಸುವ ಧರ್ಮಸಭೆಗೆ ಅದು ಅಪಶಕುನವೆನಿಸಲಿಲ್ಲ. ಹಾಗಿರುವಾಗ ಆ ದಿನ ಬರಬಹುದೆಂದು ಹೇಳಿದ ಕಷ್ಟವನ್ನು, ನಿಜವಾಗಿಯೂ ಬಂದ ಮೇಲೆ, ಬಂದಿತ್ತು ಎಂದು ಹೇಳುವುದು ಅಶುಭವಾಗಲಾರದು. ಕೊಟ್ಟ ಮಾತು ಮರೆತಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಹುಟ್ಟುಹಬ್ಬ ಯಾವುದರ ಹಬ್ಬ?

ವರ್ಷದ ಕೊನೆಯ ದಿನ ನಾವು ವರ್ಷವನ್ನು ತೂಗಿ ನೋಡುತ್ತೇವೆ. ಮದುವೆಯ ವಾರ್ಷಿಕೋತ್ಸವದಂದು ಸಂಬಂಧವನ್ನು ನೆನೆಯುತ್ತೇವೆ. ಹುಟ್ಟುಹಬ್ಬ ಇವೆರಡಕ್ಕಿಂತ ಭಿನ್ನ. ಅಂದು ನಾವು ಆಚರಿಸುವುದು ಕಳೆದ ಹನ್ನೆರಡು ತಿಂಗಳನ್ನಲ್ಲ, ಒಬ್ಬ ವ್ಯಕ್ತಿ ಈ ಲೋಕದಲ್ಲಿ ಇದ್ದಾರೆಂಬ ಸಂಗತಿಯನ್ನು. ಜರ್ಮನಿಯ ಕಥೋಲಿಕ ತತ್ವಜ್ಞಾನಿ ಯೋಸೆಫ್ ಪೀಪರ್ (1904–1997) ಪ್ರೀತಿಯ ತಿರುಳನ್ನು ವಿವರಿಸುತ್ತಾ, ನೀನು ಇರುವುದು ಒಳ್ಳೆಯದು ಎಂದು ಮತ್ತೊಬ್ಬರ ಇರುವಿಕೆಗೆ ಸಮ್ಮತಿ ನೀಡುವುದೇ ಪ್ರೀತಿ ಎಂಬ ಅರ್ಥದಲ್ಲಿ ಹೇಳಿದ್ದಾರೆ. ಹುಟ್ಟುಹಬ್ಬದ ಶುಭಾಶಯ ಇದನ್ನೇ ಹೇಳಬೇಕಾದದ್ದು. ಹೀಗೆ ನೋಡಿದರೆ ನಮ್ಮ ಸಮಸ್ಯೆಯ ಅರ್ಧ ಭಾಗ ಪರಿಹಾರವಾಗುತ್ತದೆ. ವರ್ಷ ಕೆಟ್ಟದಾಗಿತ್ತೆಂದು ಒಪ್ಪಿಕೊಂಡರೂ ನೀನು ಹುಟ್ಟಿದ್ದು ಒಳ್ಳೆಯದಾಯಿತೆಂಬ ಮಾತಿಗೆ ಕುಂದು ಬರುವುದಿಲ್ಲ. ಎರಡೂ ಬೇರೆ ಬೇರೆ ವಿಷಯಗಳನ್ನು ಕುರಿತ ಮಾತುಗಳು.

ಆದರೆ ಕಷ್ಟದಲ್ಲಿರುವವರ ಮನಸ್ಸಿನಲ್ಲಿ ಈ ಎರಡೂ ಬೆರೆತುಹೋಗುತ್ತವೆ. ಯೋಬನನ್ನು ನೋಡಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಆತ ಏಳು ಹಗಲು, ಏಳು ರಾತ್ರಿ ಮೌನವಾಗಿ ಕುಳಿತ ನಂತರ ಬಾಯಿ ತೆರೆದದ್ದು ತಾನು ಹುಟ್ಟಿದ ದಿನವನ್ನು ಶಪಿಸಲು. ಪ್ರವಾದಿ ಯೆರೆಮೀಯನೂ ಅದನ್ನೇ ಮಾಡಿದ. ದುಃಖ ಹೆಚ್ಚಾದಾಗ ಮನುಷ್ಯ ಈ ವರ್ಷ ಬೇಡವಾಗಿತ್ತು ಎಂಬಲ್ಲಿಗೆ ನಿಲ್ಲುವುದಿಲ್ಲ, ನಾನಾದರೂ ಏಕೆ ಹುಟ್ಟಿದೆ ಎಂಬಲ್ಲಿಗೆ ಹೋಗುತ್ತಾನೆ. ನಮ್ಮ ಅಡುಗೆಮನೆಗಳಲ್ಲಿ ‘ಯಾಕಾದ್ರೂ ಹುಟ್ಟಿದೆನೋ’ ಎಂಬ ನಿಟ್ಟುಸಿರು ಹೊಸದೇನಲ್ಲ. ಆದುದರಿಂದ ಕಷ್ಟದ ವರ್ಷದಲ್ಲಿ ಹುಟ್ಟುಹಬ್ಬದ ಮಾತು ಕೇವಲ ಉಪಚಾರವಲ್ಲ. ಆ ನಿಟ್ಟುಸಿರಿಗೆ ಅದು ಸಂಗಾತಿ ಕೊಡುವ ಉತ್ತರ. ಉತ್ತರ ಕೊಡಬೇಕಾದರೆ ನಿಟ್ಟುಸಿರು ಕೇಳಿಸಿದೆಯೆಂದು ಮೊದಲು ತೋರಿಸಬೇಕು.

ಶಿಲೋವಿನಲ್ಲಿ ಒಬ್ಬ ಗಂಡನ ಮಾತು

ಈ ಸಂದರ್ಭಕ್ಕೆ ಹತ್ತಿರವಾದ ಒಂದು ಘಟನೆ ಸಮುವೇಲನ ಮೊದಲನೆಯ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಎಲ್ಕಾನ ಎಂಬಾತ ವರ್ಷಕ್ಕೊಮ್ಮೆ ಕುಟುಂಬಸಮೇತ ಶಿಲೋವಿಗೆ ಹೋಗಿ ಬಲಿಯರ್ಪಿಸುತ್ತಿದ್ದ. ಬಲಿಯ ನಂತರ ಎಲ್ಲರಿಗೂ ಪಾಲು ಹಂಚಿ ಹಬ್ಬದೂಟ ಮಾಡುವುದು ಪದ್ಧತಿ. ಆತನ ಪತ್ನಿ ಹನ್ನಳಿಗೆ ಮಕ್ಕಳಿರಲಿಲ್ಲ. ಮಕ್ಕಳಿದ್ದ ಮತ್ತೊಬ್ಬ ಪತ್ನಿ ಪೆನಿನ್ನ ಅವಳನ್ನು ಕೆಣಕುತ್ತಿದ್ದಳು. ಇದು ವರ್ಷವರ್ಷವೂ ನಡೆಯುತ್ತಿತ್ತೆಂದು ಗ್ರಂಥಕರ್ತ ಗಮನವಿಟ್ಟು ಹೇಳುತ್ತಾನೆ. ವರ್ಷಕ್ಕೊಮ್ಮೆ ಬರುವ ಹಬ್ಬವೇ ಆಕೆಗೆ ನೋವು ಮರುಕಳಿಸುವ ದಿನ. ಎಲೆಯ ಮುಂದೆ ಕುಳಿತರೂ ಆಕೆ ಅಳುತ್ತಾಳೆ, ಉಣ್ಣುವುದಿಲ್ಲ.

ಎಲ್ಕಾನ ಒಳ್ಳೆಯವನು. ಹನ್ನಳನ್ನು ಆತ ಪ್ರೀತಿಸುತ್ತಿದ್ದನೆಂದು ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಆತ ಸುಮ್ಮನಿರದೆ ಮಾತನಾಡುತ್ತಾನೆ. ಅಳುವುದೇಕೆ, ಉಣ್ಣದಿರುವುದೇಕೆ, ಮನಸ್ಸು ಕುಗ್ಗಿರುವುದೇಕೆ ಎಂದು ಕೇಳುತ್ತಾನೆ. ಕೊನೆಗೆ ಹತ್ತು ಮಂದಿ ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎನ್ನುತ್ತಾನೆ. ನಾಲ್ಕು ಪ್ರಶ್ನೆಗಳು. ಹನ್ನಳು ಒಂದಕ್ಕೂ ಉತ್ತರಿಸಿದಂತೆ ದಾಖಲೆಯಿಲ್ಲ. ಊಟದ ನಂತರ ಎದ್ದು ದೇವಾಲಯಕ್ಕೆ ಹೋಗಿ ಸರ್ವೇಶ್ವರನ ಮುಂದೆ ತನ್ನ ಹೃದಯವನ್ನು ಬಿಚ್ಚುತ್ತಾಳೆ.

ಪ್ರೀತಿಯಿಂದಲೇ ಬಂದ ಆ ಮಾತು ಏಕೆ ತಾಗಲಿಲ್ಲ? ನೋವಿನ ಕಾರಣವೇನೆಂದು ಎಲ್ಕಾನನಿಗೆ ಗೊತ್ತಿತ್ತು. ಗೊತ್ತಿದ್ದೂ ಏಕೆ ಎಂದು ಕೇಳುವುದು, ಕಾರಣ ಸಾಕಷ್ಟು ದೊಡ್ಡದಲ್ಲವೆಂದು ಸೂಚಿಸಿದಂತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊನೆಯ ಪ್ರಶ್ನೆ ಹನ್ನಳಿಂದ ಸರಿದು ಆತನ ಕಡೆಗೇ ತಿರುಗಿದೆ. ನಾನಿಲ್ಲವೇ ಎಂಬುದರಲ್ಲಿ ಸಾಂತ್ವನವೂ ಇದೆ, ದೂರೂ ಇದೆ. ಅಳುತ್ತಿರುವವಳು ಈಗ ತನ್ನ ನೋವಿನ ಜೊತೆಗೆ ಗಂಡನ ಮನಸ್ಸಿಗೆ ಆಗಬಹುದಾದ ನೋವನ್ನೂ ನೋಡಿಕೊಳ್ಳಬೇಕು. ಹುಟ್ಟುಹಬ್ಬದ ಸಂದೇಶ ಹದ ತಪ್ಪಿದೆಯೇ ಎಂದು ತಿಳಿಯಲು ಇದೇ ಒರೆಗಲ್ಲು. ಅದನ್ನು ಓದಿದವರು ಬರೆದವರನ್ನು ಸಮಾಧಾನಪಡಿಸಬೇಕಾಗಿ ಬಂದರೆ ಹದ ತಪ್ಪಿದೆಯೆಂದು ಅರ್ಥ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಯಾಜಕ ಏಲಿ ಮೊದಲು ಹನ್ನಳನ್ನು ಕುಡಿದವಳೆಂದು ತಪ್ಪು ತಿಳಿದರೂ, ಆಕೆಯ ಮಾತು ಕೇಳಿದ ಮೇಲೆ ಸಮಾಧಾನದಿಂದ ಹೋಗೆಂದು ಹರಸುತ್ತಾನೆ. ಆಕೆ ಹೋಗಿ ಊಟ ಮಾಡುತ್ತಾಳೆ, ಅವಳ ಮುಖ ಮತ್ತೆ ಬಾಡುವುದಿಲ್ಲ. ಗಮನಿಸಿ, ಆ ಹೊತ್ತಿಗೆ ಪರಿಸ್ಥಿತಿಯಲ್ಲಿ ಏನೂ ಬದಲಾಗಿರಲಿಲ್ಲ. ಮಗು ಹುಟ್ಟಿರಲಿಲ್ಲ, ಪೆನಿನ್ನಳ ನಾಲಿಗೆ ಸುಮ್ಮನಾಗಿರಲಿಲ್ಲ. ತನ್ನ ದುಃಖವನ್ನು ಆಕೆ ಇದ್ದ ಹಾಗೆಯೇ ಹೇಳಿದ್ದಳು, ಅದನ್ನು ಒಬ್ಬರು ಇದ್ದ ಹಾಗೆಯೇ ಸ್ವೀಕರಿಸಿದ್ದರು, ಅಷ್ಟೆ. ಊಟ ಒಳಗೆ ಇಳಿಯಲು ಅಷ್ಟು ಸಾಕಾಯಿತು.

ಸಂತ ಥಾಮಸರ ಎರಡು ಕಾರಣಗಳು

ದುಃಖವನ್ನು ಹೆಸರಿಸಿದರೆ ಅದು ಹೆಚ್ಚಾಗದೆ ಕಡಿಮೆಯಾಗುವುದು ಹೇಗೆ? ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ ‘ಸುಮ್ಮಾ’ದಲ್ಲಿ ದುಃಖಶಮನದ ಉಪಾಯಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಸುಖಾನುಭವ, ಕಣ್ಣೀರು, ಸ್ನೇಹಿತರ ಸಹಾನುಭೂತಿ, ಸತ್ಯದ ಚಿಂತನೆ, ಕೊನೆಗೆ ನಿದ್ದೆ ಮತ್ತು ಸ್ನಾನ ಎಂದು ಅವರು ಐದು ಉಪಾಯಗಳನ್ನು ಪರಿಶೀಲಿಸುತ್ತಾರೆ. ಅಷ್ಟು ದೊಡ್ಡ ದೈವಶಾಸ್ತ್ರಜ್ಞರು ನಿದ್ದೆಗೂ ಬಿಸಿನೀರಿಗೂ ಜಾಗ ಕೊಟ್ಟಿರುವುದನ್ನು ಕಂಡು ಗುರುಮಠದ ವಿದ್ಯಾರ್ಥಿಗಳು ನಗುವುದುಂಟು. ಆದರೆ ರೋಗಿಯ ಶುಶ್ರೂಷೆ ಮಾಡಿದ ಯಾರೂ ನಗಲಾರರು.

ಸಹಾನುಭೂತಿಯ ವಿಷಯದಲ್ಲಿ ಅವರು ಎರಡು ಕಾರಣಗಳನ್ನು ಕೊಡುತ್ತಾರೆ. ದುಃಖ ಹೊರೆಯಂತೆ ಮನಸ್ಸನ್ನು ಒತ್ತುತ್ತದೆ. ಮತ್ತೊಬ್ಬರು ನಮ್ಮ ದುಃಖದಲ್ಲಿ ದುಃಖಿಸುವುದನ್ನು ಕಂಡಾಗ ಆ ಹೊರೆಗೆ ಇನ್ನೊಂದು ಹೆಗಲು ಸಿಕ್ಕಂತೆ ಭಾಸವಾಗುತ್ತದೆ. ಇದು ಮೊದಲ ಕಾರಣ. ಎರಡನೆಯದನ್ನು ಅವರು ಹೆಚ್ಚು ಸಮರ್ಪಕವೆಂದು ಪರಿಗಣಿಸುತ್ತಾರೆ. ಮತ್ತೊಬ್ಬರು ನಮಗಾಗಿ ನೊಂದಾಗ, ಅವರು ನಮ್ಮನ್ನು ಪ್ರೀತಿಸುತ್ತಾರೆಂಬ ಅರಿವು ಮೂಡುತ್ತದೆ. ಆ ಅರಿವು ಸ್ವತಃ ಒಂದು ಆನಂದ. ಆನಂದ ದುಃಖವನ್ನು ತಗ್ಗಿಸುತ್ತದೆ. ಕಷ್ಟವನ್ನು ಒಪ್ಪಿಕೊಳ್ಳುವ ಮಾತು ಮಂಕಾಗದಿರಲು ಕಾರಣ ಇಲ್ಲಿದೆ. ನಿನ್ನ ಕಷ್ಟವನ್ನು ನಾನು ಕಂಡಿದ್ದೇನೆ ಎಂಬುದರಲ್ಲಿ ಕಷ್ಟದ ಸುದ್ದಿ ಹೊಸದಲ್ಲ, ಅದು ಆಕೆಗೆ ಮೊದಲೇ ಗೊತ್ತು. ಕಂಡಿದ್ದೇನೆ ಎಂಬುದು ಮಾತ್ರ ಹೊಸದು.

ಇದಕ್ಕೊಂದು ಮಿತಿಯೂ ಇದೆ. ಜೊತೆಯಲ್ಲಿ ಬಾಳುವವರಿಗೆ ಹಿತವಾಗಿ ನಡೆದುಕೊಳ್ಳುವುದನ್ನು ಸಂತ ಥಾಮಸರು ಒಂದು ಸದ್ಗುಣವೆಂದೇ ಎಣಿಸುತ್ತಾರೆ. ಅದು ಅತಿಯಾಗಿ, ಸಲ್ಲದ ಕಡೆಯೂ ಹಿತವನ್ನೇ ನುಡಿಯತೊಡಗಿದರೆ ಮುಖಸ್ತುತಿಯಾಗುತ್ತದೆ. ಅದಕ್ಕೆ ವಿರುದ್ಧವಾಗಿ, ನೋಯಿಸುವುದಕ್ಕೂ ಹೇಸದೆ ಎದುರಾಡುವುದು ಕಲಹಪ್ರಿಯತೆ. ಕಷ್ಟದ ವರ್ಷವನ್ನು ಅಳಿಸಿಹಾಕುವ ಶುಭಾಶಯ ಮೊದಲನೆಯದರ ಕಡೆಗೆ ಜಾರುತ್ತದೆ. ಹಬ್ಬದ ದಿನವೂ ಲೆಕ್ಕ ತೆಗೆಯುವ ಪತ್ರ ಎರಡನೆಯದರ ಕಡೆಗೆ. ನಡುವಿನ ದಾರಿ ಹೇಗಿರುತ್ತದೆಂದು ಒಂದು ನಿದರ್ಶನದ ಮೂಲಕ ನೋಡೋಣ.

ಅಂತೋಣಿ ಬರೆದ ಕಾಗದ

ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಅಂತೋಣಿ ಮತ್ತು ಮೇರಿ ಎಂಬ ದಂಪತಿ ಇದ್ದಾರೆಂದು ಊಹಿಸಿಕೊಳ್ಳಿ. ಸ್ವಲ್ಪ ಅಡಿಕೆ ತೋಟ, ಎರಡು ಹಸು. ಅಂತೋಣಿಯ ತಾಯಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಎಂಟು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡರು. ಮಗ್ಗುಲು ತಿರುಗಿಸುವುದರಿಂದ ಹಿಡಿದು ಗಂಜಿ ಕುಡಿಸುವವರೆಗೆ ಎಲ್ಲವನ್ನೂ ಮಾಡಿದವಳು ಸೊಸೆ ಮೇರಿ. ಆಸ್ಪತ್ರೆಯ ಖರ್ಚಿಗಾಗಿ ಅವಳು ತವರಿನಿಂದ ತಂದಿದ್ದ ಎರಡು ಬಳೆಗಳನ್ನು ಸಹಕಾರ ಸಂಘದಲ್ಲಿ ಅಡವಿಟ್ಟರು. ಅವು ಇನ್ನೂ ಅಲ್ಲಿಯೇ ಇವೆ. ಈಗ ಮೇರಿಗೆ ನಲವತ್ತೆಂಟು ತುಂಬುತ್ತದೆ. ಅಂತೋಣಿ ನಾಲ್ಕು ಸಾಲು ಬರೆಯಲು ಕುಳಿತಿದ್ದಾನೆ.

ಮೊದಲ ಪ್ರಯತ್ನದಲ್ಲಿ ಅವನು ಬಾಳೆಲ್ಲ ಸಿಹಿಯಾಗಿರಲಿ, ನಗು ಎಂದೂ ಮಾಸದಿರಲಿ ಎಂದು ಬರೆಯುತ್ತಾನೆ. ಓದಿದರೆ ಇದು ಯಾರ ಮನೆಗಾದರೂ ಹೋಗಬಹುದಾದ ಕಾಗದ. ಆ ಎಂಟು ತಿಂಗಳು ಇದರಲ್ಲಿ ಎಲ್ಲಿಯೂ ಇಲ್ಲ. ಮೇರಿ ಇದನ್ನು ಓದಿ, ಇವರಿಗೆ ಏನೂ ಕಾಣಲೇ ಇಲ್ಲವೇನೋ ಎಂದುಕೊಂಡರೆ ಆಶ್ಚರ್ಯವಿಲ್ಲ.

ಎರಡನೆಯ ಪ್ರಯತ್ನದಲ್ಲಿ ಎಲ್ಲವೂ ಇದೆ. ಆಸ್ಪತ್ರೆ, ಸಾವು, ಸಾಲ, ಬಡ್ಡಿ, ಕೊಳೆರೋಗಕ್ಕೆ ಉದುರಿದ ಅಡಿಕೆ, ಕೊನೆಗೆ ನಿನಗೆ ನಾನು ಏನೂ ಕೊಡಲಾಗಲಿಲ್ಲವೆಂಬ ಕೊರಗು. ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಓದುವಾಗ ಮೇರಿ ಮಾಯವಾಗಿ ಅಂತೋಣಿಯ ಸಂಕಟವೇ ಉಳಿಯುತ್ತದೆ. ಅವಳು ಕಾಗದ ಮಡಿಸಿಟ್ಟು, ಹೋಗಲಿ ಬಿಡಿ ಎಂದು ಅವನನ್ನೇ ಸಂತೈಸಬೇಕು. ಎಲ್ಕಾನನ ಕೊನೆಯ ಪ್ರಶ್ನೆ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಮೂರನೆಯ ಪ್ರಯತ್ನ ಭಕ್ತಿಯದು. ಎಲ್ಲವೂ ದೇವರ ಚಿತ್ತ, ಪರೀಕ್ಷೆಯ ಕಾಲ ಮುಗಿಯಿತು, ಮುಂದಿನ ವರ್ಷ ಎಲ್ಲ ಸರಿಹೋಗುತ್ತದೆ. ನಮ್ಮಂಥ ಗುರುಗಳಿಗೆ ಇದು ಮೆಚ್ಚಿಕೆಯಾಗಬೇಕಲ್ಲವೇ? ಆದರೆ ಯೋಬನ ಸ್ನೇಹಿತರನ್ನು ನೆನೆಯಿರಿ. ಏಳು ದಿನ ಮೌನವಾಗಿ ನೆಲದ ಮೇಲೆ ಕುಳಿತಿದ್ದಾಗ ಅವರು ನಿಜವಾದ ಸ್ನೇಹಿತರಾಗಿದ್ದರು. ನೋವಿಗೆ ವಿವರಣೆ ಕೊಡಲು ತೊಡಗಿದ ಮೇಲೆ ಹೊರೆಯಾದರು. ಕೊನೆಯಲ್ಲಿ ಸರ್ವೇಶ್ವರನೇ ಅವರ ಮೇಲೆ ಕೋಪಗೊಂಡನೆಂದು ಗ್ರಂಥ ಹೇಳುತ್ತದೆ. ನೋವು ಏಕೆ ಬಂತೆಂದು ಅಂತೋಣಿಗೆ ಗೊತ್ತಿಲ್ಲ, ಮುಂದಿನ ವರ್ಷ ಏನಾಗುತ್ತದೆಂದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ದೇವರ ಹೆಸರಿನಲ್ಲಿ ಹೇಳಿದರೂ ಅದು ಗೊತ್ತಿಲ್ಲದ ಮಾತೇ.

ನಾಲ್ಕನೆಯ ಬಾರಿ ಅವನು ಹೀಗೆ ಬರೆಯುತ್ತಾನೆ:

‘ಮೇರಿ, ನಲವತ್ತೆಂಟು ವರ್ಷದ ಹಿಂದೆ ಈ ದಿನ ನೀನು ಹುಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ. ಈ ವರ್ಷ ನಮಗೆ ಸುಲಭದ್ದಾಗಿರಲಿಲ್ಲ. ಅಮ್ಮ ಮಲಗಿದ್ದ ಎಂಟು ತಿಂಗಳು ನೀನು ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಲಿಲ್ಲ. ಬರಿದಾದ ನಿನ್ನ ಕೈ ನನ್ನ ಕಣ್ಣಿಗೆ ಬಿದ್ದಿದೆ. ಬೀಳದವನ ಹಾಗೆ ನಾನು ಇರಲಾರೆ. ಇದೇ ವರ್ಷದಲ್ಲಿ ಇನ್ನೊಂದನ್ನೂ ನೋಡಿದೆ. ಮಾತು ನಿಂತಿದ್ದ ಅಮ್ಮ, ನೀನು ತಲೆ ಬಾಚುತ್ತಾ ಊರಿನ ಸುದ್ದಿ ಹೇಳುವಾಗ, ಬರುವ ಒಂದೇ ಕೈಯಿಂದ ಮಂಚ ತಟ್ಟಿ ನಗುತ್ತಿದ್ದಳು. ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಬಳೆಗಳು ಯಾವಾಗ ಬಿಡಿಸಿ ತರುತ್ತೇನೋ ಇವತ್ತು ಹೇಳಲಾರೆ. ನಾಳೆಯಿಂದ ಬೆಳಗಿನ ಹಾಲು ಕರೆಯುವುದು ನನ್ನ ಕೆಲಸ, ನೀನು ಆರು ಗಂಟೆಯವರೆಗೆ ಮಲಗು. ಈ ಭಾನುವಾರ ಪೂಜೆ ಮುಗಿಸಿ ನಿನ್ನ ತಂಗಿಯ ಮನೆಗೆ ಹೋಗೋಣ, ನೀನು ಅಲ್ಲಿಗೆ ಹೋಗಿ ವರ್ಷವಾಯಿತು. ನೀನು ಹುಟ್ಟಿದ ದಿನ ನಮ್ಮ ಮನೆಗೆ ಹಬ್ಬ.’

ಸಾಹಿತ್ಯದ ದೃಷ್ಟಿಯಿಂದ ಇದರಲ್ಲಿ ವಿಶೇಷವೇನೂ ಇಲ್ಲ. ಆದರೂ ಇದರ ಜೋಡಣೆಯನ್ನು ಸ್ವಲ್ಪ ಗಮನಿಸಿ. ಹುಟ್ಟಿನ ಮಾತಿನಿಂದ ಆರಂಭವಾಗಿ ಹುಟ್ಟಿನ ಮಾತಿನಲ್ಲಿಯೇ ಮುಗಿಯುತ್ತದೆ. ಕಷ್ಟ ನಡುವೆ ಇದೆ, ಚೌಕಟ್ಟು ಅದರದಲ್ಲ. ಕಷ್ಟಕ್ಕೆ ಮೂರೇ ವಾಕ್ಯಗಳು, ಆದರೆ ಮೂರೂ ನಿರ್ದಿಷ್ಟ. ನೀನು ತುಂಬಾ ಕಷ್ಟಪಟ್ಟೆ ಎಂದರೆ ಅದು ಯಾರಿಗಾದರೂ ಹೇಳಬಹುದಾದ ಮಾತು; ಪೂರ್ತಿಯಾಗದ ನಿದ್ದೆ ಮತ್ತು ಬರಿದಾದ ಕೈ ಮೇರಿಯವು ಮಾತ್ರ. ಜೊತೆಗೆ ನಮಗೆ ಎಂಬುದನ್ನೂ ನೀನು ಎಂಬುದನ್ನೂ ಅವನು ಬೇರ್ಪಡಿಸಿದ್ದಾನೆ. ವರ್ಷ ಇಬ್ಬರಿಗೂ ಕಷ್ಟದ್ದಾಗಿತ್ತು; ರಾತ್ರಿಗಳ ಜಾಗರಣೆ ಹೆಚ್ಚಾಗಿ ಅವಳದು. ಅವಳು ಹೊತ್ತದ್ದನ್ನು ನಾವು ಹೊತ್ತೆವು ಎಂದು ಬರೆದಿದ್ದರೆ ಅವಳಿಗೆ ಸಲ್ಲಬೇಕಾದದ್ದರಲ್ಲಿ ಅರ್ಧವನ್ನು ಕಸಿದುಕೊಂಡಂತಾಗುತ್ತಿತ್ತು.

ಕಷ್ಟದಿಂದ ಸಂತೋಷಕ್ಕೆ ದಾಟುವ ಜಾಗದಲ್ಲಿ ಅವನು ‘ಆದರೆ’ ಎಂಬ ಪದವನ್ನು ಬಳಸಿಲ್ಲ. ಕಷ್ಟವಿತ್ತು, ಆದರೆ ಒಳ್ಳೆಯದೂ ಆಯಿತು ಎಂದಾಗ ಹಿಂದೆ ಹೇಳಿದ್ದು ರದ್ದಾದಂತೆ ಕೇಳಿಸುತ್ತದೆ. ನಮ್ಮ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಸಾಧನವಿದೆ. ‘ಇನ್ನೊಂದನ್ನೂ’ ಎಂಬಲ್ಲಿ ಕೊನೆಗೆ ಸೇರಿರುವ ಆ ದೀರ್ಘ ಊಕಾರ ಹಿಂದಿನದನ್ನು ಹಾಗೆಯೇ ಉಳಿಸಿ ಅದರ ಪಕ್ಕದಲ್ಲಿ ಮತ್ತೊಂದನ್ನು ಇಡುತ್ತದೆ. ಪಕ್ಕದಲ್ಲಿಟ್ಟದ್ದು ಬೇರೆ ಕಡೆಯಿಂದ ತಂದ ಸಮಾಧಾನವಲ್ಲ. ಅದೇ ಕೋಣೆಯಲ್ಲಿ, ಅದೇ ಮಂಚದ ಬಳಿ, ಅದೇ ಎಂಟು ತಿಂಗಳಲ್ಲಿ ಕಂಡ ನಗು ಅದು. ಹೊರಗಿನಿಂದ ತಂದ ಸಂತೋಷ ಕಷ್ಟದ ಮೇಲೆ ಹೊದಿಸಿದ ಬಟ್ಟೆಯಂತಿರುತ್ತದೆ. ಕಷ್ಟದೊಳಗೇ ಕಂಡದ್ದಾದರೆ ಅದು ನಿಲ್ಲುತ್ತದೆ, ಏಕೆಂದರೆ ಅದು ನಡೆದದ್ದು ಮೇರಿಗೂ ಗೊತ್ತು.

ಹದಿಮೂರನೆಯ ಕೀರ್ತನೆಯ ನಡಿಗೆಯೂ ಹೀಗೆಯೇ. ಆರೇ ಚರಣಗಳ ಆ ಪ್ರಾರ್ಥನೆಯ ಮೊದಲ ಎರಡರಲ್ಲಿ ಭಕ್ತನು ಇನ್ನೆಷ್ಟು ಕಾಲ ಎಂದು ನಾಲ್ಕು ಸಲ ಕೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡುತ್ತಾನೆ. ಕೊನೆಯ ಎರಡರಲ್ಲಿ ಭರವಸೆಯ ಮಾತಾಡುತ್ತಾನೆ. ದೂರು ಮೊಟಕಾಗಿಲ್ಲ, ಹಿಂತೆಗೆದುಕೊಂಡದ್ದೂ ಅಲ್ಲ. ಆದರೂ ಅದಕ್ಕೊಂದು ಅಳತೆಯಿದೆ. ದೇವರ ಮುಂದೆ ಸಲ್ಲುವ ಈ ಅಳತೆ ಬಾಳಸಂಗಾತಿಯ ಮುಂದೆಯೂ ಸಲ್ಲುತ್ತದೆ.

ಭರವಸೆ ಮತ್ತು ಆಶ್ವಾಸನೆ

ಅಂತೋಣಿ ಬಳೆಗಳ ವಿಷಯದಲ್ಲಿ ಮಾತು ಕೊಡಲಿಲ್ಲ, ಹಾಲು ಕರೆಯುವ ವಿಷಯದಲ್ಲಿ ಕೊಟ್ಟ. ಬಳೆ ಬಿಡಿಸುವುದು ಅಡಿಕೆಯ ಬೆಲೆಯನ್ನೂ ಮಳೆಯನ್ನೂ ಅವಲಂಬಿಸಿದೆ. ಬೇಗ ಏಳುವುದು ಅವನನ್ನೇ ಅವಲಂಬಿಸಿದೆ. ಹಬ್ಬದ ಉತ್ಸಾಹದಲ್ಲಿ ದೊಡ್ಡ ಮಾತು ಕೊಟ್ಟು ಮುಂದಿನ ಹುಟ್ಟುಹಬ್ಬಕ್ಕೆ ಅದನ್ನು ಮತ್ತೊಂದು ನೋವಾಗಿ ಉಳಿಸುವುದಕ್ಕಿಂತ, ನಾಳೆ ಬೆಳಿಗ್ಗೆಯೇ ಪರೀಕ್ಷಿಸಬಹುದಾದ ಸಣ್ಣ ಮಾತು ಮೇಲು. ಇದು ನಿರಾಶೆಯಲ್ಲ. ಭರವಸೆಯ ವಸ್ತು ಮುಂದೆ ಬರಬೇಕಾದ ಒಳಿತು, ಅದು ದುರ್ಗಮ, ಆದರೂ ದೊರಕಲು ಸಾಧ್ಯ ಎಂದು ಸಂತ ಥಾಮಸರು ಹೇಳುತ್ತಾರೆ. ಸುಲಭವಾಗಿ ಸಿಗುವುದಕ್ಕೆ ಭರವಸೆ ಬೇಕಿಲ್ಲ, ಅಸಾಧ್ಯವಾದದ್ದಕ್ಕೆ ಭರವಸೆ ಸಲ್ಲುವುದಿಲ್ಲ. ಆದುದರಿಂದ ಕಷ್ಟವನ್ನು ಒಪ್ಪದವರ ಬಾಯಲ್ಲಿ ಭರವಸೆಯ ಮಾತಿಗೆ ಅರ್ಥವೇ ಇಲ್ಲ. ಇನ್ನೂ ಬಾರದ ಬಳೆಗಳನ್ನು ಹೆಸರಿಸಿಯೂ ಭಾನುವಾರದ ಪ್ರಯಾಣವನ್ನು ಗೊತ್ತುಮಾಡುವುದು ಭರವಸೆಯುಳ್ಳವರು ನಡೆಯುವ ರೀತಿ.

ಕಷ್ಟ ಗಂಡನಿಗೆ ಬಂದಿದ್ದು ಹೆಂಡತಿ ಬರೆಯುವಾಗ ಇನ್ನೊಂದು ಸೂಕ್ಷ್ಮವಿದೆ. ಕೆಲಸ ಕಳೆದುಕೊಂಡ ಗಂಡಸಿಗೆ ಆ ಮಾತನ್ನೆತ್ತಿದರೆ ಮಾನ ಹೋದಂತೆನಿಸಬಹುದೆಂದು ಅನೇಕ ಸಹೋದರಿಯರು ಅದನ್ನು ಬಿಟ್ಟೇಬಿಡುತ್ತಾರೆ. ಬಿಟ್ಟರೆ ಅವನು ಅದನ್ನು ಒಬ್ಬನೇ ಹೊರಬೇಕಾಗುತ್ತದೆ. ಕಳೆದದ್ದನ್ನು ಒಂದು ವಾಕ್ಯದಲ್ಲಿ ಸರಳವಾಗಿ ಹೇಳಿ, ಆ ತಿಂಗಳುಗಳಲ್ಲಿ ಅವನು ಮಾಡಿದ ಒಂದು ಕೆಲಸವನ್ನು ಹೆಸರಿಸಿದರೆ ಸಾಕು. ಮಗಳನ್ನು ದಿನವೂ ಶಾಲೆಗೆ ಬಿಟ್ಟು ಬಂದದ್ದೋ, ಅರ್ಜಿಗಳನ್ನು ಹಿಡಿದು ಬಿಸಿಲಲ್ಲಿ ಅಲೆದದ್ದೋ ಅವಳ ಕಣ್ಣಿಗೆ ಬಿದ್ದಿದೆಯೆಂದು ಅವನಿಗೆ ತಿಳಿಯಬೇಕು. ಸಂಬಳ ನಿಂತರೂ ಅವನು ನಿಂತಿರಲಿಲ್ಲವೆಂಬುದಕ್ಕೆ ಅದೇ ಪುರಾವೆ.

ಕಾಗದಕ್ಕೆ ಸೇರದ ವಿಷಯಗಳು

ಕೆಲವು ವಿಷಯಗಳಿಗೆ ಹುಟ್ಟುಹಬ್ಬದ ಸಂದೇಶ ತಕ್ಕ ಸ್ಥಳವಲ್ಲ. ವರ್ಷದ ಕಷ್ಟಕ್ಕೆ ಬರೆಯುವವರ ಅಪರಾಧವೇ ಕಾರಣವಾಗಿದ್ದರೆ, ಕುಡಿತವೋ ಸುಳ್ಳೋ ಹೊಡೆತವೋ ನಡೆದಿದ್ದರೆ, ಕ್ಷಮೆಯನ್ನು ಮೊದಲೇ, ಮುಖಾಮುಖಿಯಾಗಿ ಕೇಳಬೇಕು. ಹಬ್ಬದ ದಿನ ಕಾಗದದಲ್ಲಿ ಕೇಳಿದರೆ ನೊಂದವರಿಗೆ ಇಲ್ಲವೆನ್ನುವ ಸ್ವಾತಂತ್ರ್ಯ ಉಳಿಯುವುದಿಲ್ಲ; ಕೇಕಿನ ಮುಂದೆ ಎಲ್ಲರೂ ನೋಡುತ್ತಿರುವಾಗ ಕೊಡಿಸಿದ ಕ್ಷಮೆ ಕ್ಷಮೆಯಲ್ಲ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಊಟ ರುಚಿಸದೆ, ಬದುಕೇ ಬೇಡವೆಂಬ ಮಾತು ಸಂಗಾತಿಯ ಬಾಯಲ್ಲಿ ಬರುತ್ತಿದ್ದರೆ ಎಷ್ಟು ಒಳ್ಳೆಯ ಮಾತೂ ಸಾಲದು, ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗಬೇಕು.

ಹಾಗೆಯೇ, ಇಬ್ಬರ ನಡುವಿನ ಮಾತು ಇಬ್ಬರ ನಡುವೆಯೇ ಇರಲಿ. ಬಳೆಯ ಮಾತು ಮೇರಿಯ ಕೈಗೆ ಕೊಟ್ಟ ಕಾಗದದಲ್ಲಿ ಸಾಂತ್ವನ. ಅದೇ ಮಾತು ನೆಂಟರಿಷ್ಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವಮಾನ. ಗುಂಪಿನಲ್ಲಿ ಒಂದು ಸಾಲಿನ ಶುಭಾಶಯ ಹಾಕಿ, ಕಾಗದವನ್ನು ಬೆಳಗಿನ ಕಾಫಿಯ ಜೊತೆಗೆ ಕೊಡಬಹುದು. ಕೊಟ್ಟು ಎದುರಿಗೇ ನಿಂತು ಹೇಗಿದೆ ಎಂದು ಕೇಳದಿದ್ದರೆ ಇನ್ನೂ ಒಳ್ಳೆಯದು. ಓದಿದವರಿಗೆ ನಗಲೂ ಅಳಲೂ ಸುಮ್ಮನಿರಲೂ ಸ್ವಲ್ಪ ಸಮಯ ಬೇಕಾಗುತ್ತದೆ.

ಓದುಗರೇ, ಎಲ್ಕಾನನ ಕುರಿತು ಒಂದು ಮಾತು ಉಳಿದಿದೆ. ಹನ್ನಳಿಗೆ ಮಗ ಹುಟ್ಟಿದ ಮೇಲೆ ವಾರ್ಷಿಕ ಯಾತ್ರೆಯ ಕಾಲ ಮತ್ತೆ ಬಂತು. ಮಗು ಮೊಲೆ ಬಿಡುವವರೆಗೆ ತಾನು ಬರುವುದಿಲ್ಲವೆಂದು ಆಕೆ ಹೇಳಿದಳು. ಈ ಸಲ ಎಲ್ಕಾನ ಏಕೆ ಎಂದು ಕೇಳಲಿಲ್ಲ, ತನ್ನನ್ನು ನಡುವೆ ತರಲೂ ಇಲ್ಲ. ನಿನಗೆ ಸರಿತೋರಿದಂತೆ ಮಾಡು, ಸರ್ವೇಶ್ವರ ತನ್ನ ವಾಕ್ಯವನ್ನು ನೆರವೇರಿಸಲಿ ಎಂಬರ್ಥದ ಚಿಕ್ಕ ಮಾತನ್ನಷ್ಟೇ ಆಡಿದ. ಹಬ್ಬದ ದಿನ ಹೆಂಡತಿಯೊಂದಿಗೆ ಹೇಗೆ ಮಾತನಾಡಬೇಕೆಂಬುದನ್ನು ಆ ಒಳ್ಳೆಯ ಗಂಡ ಅಷ್ಟರಲ್ಲಿ ಕಲಿತಿದ್ದನೆಂದು ಕಾಣುತ್ತದೆ.